ಬಕದ ಬೇಟೆಗೆ ಒಂದು ಪ್ರಾಂಪ್ಟ್: ಉದ್ದ ಲೆನ್ಸಿನ ತಾಳ್ಮೆಯನ್ನು ಮಾತಿನಲ್ಲಿ ಹೇಳುವುದು

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಬೆಳಕಿನ ವಕ್ರೀಭವನವನ್ನು ಬೋಧಿಸುವಾಗ ನೀರಿನಲ್ಲಿರುವ ನಾಣ್ಯ, ಬಾಗಿದಂತೆ ಕಾಣುವ ಪೆನ್ಸಿಲ್ ಇವೆರಡನ್ನು ನಾವೆಲ್ಲರೂ ಬಳಸುತ್ತೇವೆ. ಅಭ್ಯಾಸ ಬೋಧನೆಯ ಈ ಸುತ್ತಿನಲ್ಲಿ ನಾನು ಅವುಗಳ ಜೊತೆಗೆ ಬಕವನ್ನು ಸೇರಿಸಿಕೊಂಡೆ. ಆಳವಿಲ್ಲದ ಕೆರೆಯಲ್ಲಿ ನಿಂತು ಮೀನು ಹಿಡಿಯುವ ಹಕ್ಕಿಗೆ ವಕ್ರೀಭವನ ಪಠ್ಯದ ಮಾತಲ್ಲ, ದಿನದ ಊಟದ ಪ್ರಶ್ನೆ. ಪಾಠದ ಪ್ರವೇಶಕ್ಕೆ ಎಂಟು ಸೆಕೆಂಡಿನ ಒಂದು ದೃಶ್ಯ ಬೇಕಾಗಿತ್ತು. ಅದನ್ನು ಬರಹದಿಂದ ವಿಡಿಯೊ ತಯಾರಿಸುವ ಕೃತಕ ಬುದ್ಧಿಮತ್ತೆಯ ಉಪಕರಣದಲ್ಲಿ ಮಾಡಿಸಿದೆ. ಅದಕ್ಕೆ ಕೊಡುವ ಸೂಚನೆಯನ್ನು, ಅಂದರೆ ಪ್ರಾಂಪ್ಟನ್ನು, ಹೇಗೆ ಕಟ್ಟಬೇಕು, ಬಂದ ದೃಶ್ಯವನ್ನು ಹೇಗೆ ಪರೀಕ್ಷಿಸಬೇಕು, ತರಗತಿಯಲ್ಲಿ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಈ ಲೇಖನದ ವಿಷಯ.

ನಮ್ಮಲ್ಲಿ ಹೆಚ್ಚಿನವರು ಬರೆಯುವ ಮೊದಲ ಸೂಚನೆ ಹೀಗಿರುತ್ತದೆ: ‘ವನ್ಯಜೀವಿ ಸಾಕ್ಷ್ಯಚಿತ್ರದ ಶೈಲಿಯಲ್ಲಿ, ಆಳವಿಲ್ಲದ ಕೆರೆಯಲ್ಲಿ ಬೇಟೆಯಾಡುವ ಬಕ, ಉದ್ದ ಲೆನ್ಸ್, ತಾಳ್ಮೆ.’ ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರದಲ್ಲಿ ಹಕ್ಕಿ ಮೊದಲ ಕ್ಷಣದಿಂದಲೇ ನಡೆಯುತ್ತಿರುತ್ತದೆ, ಎರಡನೆಯ ಸೆಕೆಂಡಿಗೆ ನೀರಿಗೆ ಕೊಕ್ಕು ಹಾಕುತ್ತದೆ, ಕ್ಯಾಮೆರಾ ಅದರ ಸುತ್ತ ಪ್ರದಕ್ಷಿಣೆ ಬರುತ್ತದೆ. ‘ಬೇಟೆ’ ಎಂಬ ಪದ ಕ್ರಿಯೆಯನ್ನು ಕೇಳುತ್ತದೆ, ‘ಸಾಕ್ಷ್ಯಚಿತ್ರ’ ಎಂಬ ಪದ ಸುಂದರ ಚಲನೆಯನ್ನು ಕೇಳುತ್ತದೆ. ‘ತಾಳ್ಮೆ’ ಎಂಬುದಕ್ಕೆ ಮಾತ್ರ ಚಿತ್ರದಲ್ಲಿ ರೂಪವಿಲ್ಲ. ಕನ್ನಡದಲ್ಲಿ ನಮಗೆ ‘ಬಕಧ್ಯಾನ’ ಎಂಬ ಪದವೇ ಇದೆ, ಕೇಳಿದ ಕೂಡಲೇ ಹಕ್ಕಿ ನಿಂತ ಭಂಗಿ ಕಣ್ಣಿಗೆ ಬರುತ್ತದೆ. ಉಪಕರಣಕ್ಕೆ ಆ ಭಂಗಿಯನ್ನು ಬಿಡಿಸಿ ಹೇಳಬೇಕು: ಏನು ಅಲುಗುವುದಿಲ್ಲ, ಏನು ಸ್ವಲ್ಪ ಅಲುಗುತ್ತದೆ, ಎಷ್ಟು ಹೊತ್ತು.

ಹಾಗೆ ಹೇಳಲು ಮೊದಲು ನೋಡಿರಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥ ಜಾಗದಲ್ಲಿ ಬೆಳಿಗ್ಗೆ ಅರ್ಧ ಗಂಟೆ ಕುಳಿತರೆ ಬೇಕಾದ ವಿವರಗಳು ಸಿಗುತ್ತವೆ. ನಾನು ಆರಿಸಿಕೊಂಡದ್ದು ಬೂದು ಬಕ. ಎತ್ತರ ಸುಮಾರು ಒಂದು ಮೀಟರ್, ಆದರೆ ತೂಕ ಒಂದರಿಂದ ಎರಡು ಕಿಲೊ ಅಷ್ಟೆ. ನಮ್ಮ ಕಡೆ ಬಕವನ್ನೂ ಕೊಕ್ಕರೆಯನ್ನೂ ಒಟ್ಟಿಗೆ ‘ಕೊಕ್ಕರೆ’ ಎಂದೇ ಕರೆಯುವ ರೂಢಿಯಿದೆ. ಹಾರುವಾಗ ನೋಡಿದರೆ ಅನುಮಾನ ಉಳಿಯುವುದಿಲ್ಲ: ಬಣ್ಣದ ಕೊಕ್ಕರೆ ಕತ್ತನ್ನು ಮುಂದಕ್ಕೆ ಚಾಚಿ ಹಾರುತ್ತದೆ, ಬಕ ಕತ್ತನ್ನು ಮಡಚಿ ಭುಜಕ್ಕೆ ಒತ್ತಿಕೊಂಡು ಹಾರುತ್ತದೆ. ಹೀಗೆ ಮಡಚಲು ಸಾಧ್ಯವಾಗುವುದು ಕತ್ತಿನ ಆರನೆಯ ಕಶೇರುಮಣಿ ಉದ್ದವಾಗಿದ್ದು ಅಲ್ಲಿ ಒಂದು ಗಂಟಿನಂಥ ತಿರುವು ಇರುವುದರಿಂದ. ಬೇಟೆಯ ಹೊಡೆತಕ್ಕೂ ಇದೇ ತಿರುವು ಕಾರಣ. ಮಡಚಿದ ಕತ್ತು ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ನೇರವಾಗುತ್ತದೆ, ಕಾಲುಗಳು ಬಹುತೇಕ ಇದ್ದಲ್ಲೇ ಇರುತ್ತವೆ. ಇನ್ನೊಂದು ವಿವರ: ಬಕ ಸಣ್ಣ ಮೀನನ್ನು ಸಾಮಾನ್ಯವಾಗಿ ಈಟಿಯಂತೆ ಚುಚ್ಚುವುದಿಲ್ಲ, ಕೊಕ್ಕಿನ ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುತ್ತದೆ. ಆಮೇಲೆ ಅದನ್ನು ತಿರುಗಿಸಿಕೊಂಡು ತಲೆಯ ಕಡೆಯಿಂದ ನುಂಗುತ್ತದೆ.

ಇನ್ನು ಲೆನ್ಸಿನ ವಿಷಯ. ಇಲ್ಲಿ ಸಮರೂಪ ತ್ರಿಭುಜಗಳ ಲೆಕ್ಕ ಸಾಕು, ಹತ್ತನೆಯ ತರಗತಿಯ ಮಕ್ಕಳೇ ಮಾಡಬಲ್ಲರು. ಕ್ಯಾಮೆರಾದ ಸಂವೇದಕದ ಅಗಲ 36 ಮಿಲಿಮೀಟರ್, ಲೆನ್ಸಿನ ನಾಭಿದೂರ 600 ಮಿಲಿಮೀಟರ್, ಹಕ್ಕಿ 40 ಮೀಟರ್ ದೂರ ಎಂದುಕೊಳ್ಳೋಣ. ಚೌಕಟ್ಟಿನಲ್ಲಿ ಕಾಣುವ ಅಗಲ 36 ಗುಣಿಸು 40 ಭಾಗಿಸು 600, ಅಂದರೆ 2.4 ಮೀಟರ್. ವಿಡಿಯೊದ ಚೌಕಟ್ಟು 16:9 ಆದ್ದರಿಂದ ಎತ್ತರ 1.35 ಮೀಟರ್. ಕತ್ತು ಮಡಚಿ ನಿಂತ, 90 ಸೆಂಟಿಮೀಟರ್ ಎತ್ತರದ ಬಕ ಈ ಚೌಕಟ್ಟಿನ ಎತ್ತರದ ಮೂರನೇ ಎರಡು ಭಾಗವನ್ನು ತುಂಬುತ್ತದೆ. ಹೊಡೆತಕ್ಕೆ ಕತ್ತು ಚಾಚಲು ಎದುರಿಗೆ ಜಾಗವೂ ಉಳಿಯುತ್ತದೆ.

ಇದೇ ಹಕ್ಕಿಯನ್ನು ಇದೇ ಗಾತ್ರದಲ್ಲಿ 24 ಮಿಲಿಮೀಟರಿನ ಅಗಲ ಕೋನದ ಲೆನ್ಸಿನಲ್ಲಿ ಹಿಡಿಯಬೇಕಾದರೆ 1.6 ಮೀಟರ್ ಹತ್ತಿರ ಹೋಗಬೇಕು. ಅಷ್ಟು ಹತ್ತಿರ ಯಾವ ಬಕವೂ ನಿಲ್ಲುವುದಿಲ್ಲ. ಹಿನ್ನೆಲೆಯೂ ಬದಲಾಗುತ್ತದೆ. ಹಕ್ಕಿಯ ಹಿಂದೆ 20 ಮೀಟರ್ ದೂರದಲ್ಲಿ ಜೊಂಡು ಇದ್ದರೆ, ಉದ್ದ ಲೆನ್ಸಿನಲ್ಲಿ ಅದು ಹಕ್ಕಿಯ ಅಳತೆಗೆ ಹೋಲಿಸಿ 40 ಭಾಗಿಸು 60, ಅಂದರೆ ಮೂರನೇ ಎರಡರಷ್ಟು ದೊಡ್ಡದಾಗಿ, ಹಕ್ಕಿಯ ಬೆನ್ನಿಗೇ ತಾಗಿದಂತೆ ಕಾಣುತ್ತದೆ. ಅಗಲ ಲೆನ್ಸಿನಲ್ಲಿ ಅದೇ ಜೊಂಡು ಹದಿಮೂರನೇ ಒಂದು ಭಾಗಕ್ಕೆ ಕುಗ್ಗಿ ದೂರದ ಗೆರೆಯಾಗುತ್ತದೆ. ವನ್ಯಜೀವಿ ಚಿತ್ರಗಳಲ್ಲಿ ನಮಗೆ ಪರಿಚಿತವಾದ, ಪದರ ಪದರವಾಗಿ ಒತ್ತಿಟ್ಟಂಥ ನೋಟ ದೂರದಿಂದ ತೆಗೆದುದರ ಫಲ. ಅಂದರೆ ಅದು ಹಕ್ಕಿಗೆ ಕೊಟ್ಟ ಅಂತರದ ಗುರುತು. ಜೊತೆಗೆ, ಎಫ್/4 ದ್ವಾರದಲ್ಲಿ 40 ಮೀಟರ್ ದೂರಕ್ಕೆ ಫೋಕಸ್ ಮಾಡಿದಾಗ ಸ್ಪಷ್ಟವಾಗಿ ಕಾಣುವ ಪಟ್ಟಿ ಹಿಂದೆ ಮುಂದೆ ಸೇರಿ ಸುಮಾರು ಒಂದು ಮೀಟರ್ ಮಾತ್ರ. ಹಕ್ಕಿ ಸ್ಪಷ್ಟ, ಅದರ ಕಾಲಿನ ಬಳಿಯ ನೀರು ಸ್ಪಷ್ಟ, ಜೊಂಡು ಮಸುಕು.

ಪ್ರಾಂಪ್ಟಿನಲ್ಲಿ ‘600 ಮಿ.ಮೀ.’ ಎಂದು ಬರೆದ ಮಾತ್ರಕ್ಕೆ ಉಪಕರಣ ಈ ಲೆಕ್ಕವನ್ನು ಮಾಡುವುದಿಲ್ಲ. ಅಂಥ ವಿವರಣೆ ಹೊತ್ತ ಚಿತ್ರಗಳು ಹೇಗಿದ್ದವೋ ಆ ಹೋಲಿಕೆಯ ಕಡೆಗೆ ಅದು ವಾಲುತ್ತದೆ, ಅಷ್ಟೆ. ಆದ್ದರಿಂದ ಸಂಖ್ಯೆಯ ಜೊತೆಗೆ ಅದರ ಪರಿಣಾಮವನ್ನೂ ಬರೆಯಬೇಕು: ಹಿನ್ನೆಲೆಯ ಜೊಂಡು ಮಸುಕಾಗಿ ಹತ್ತಿರ ಕಾಣಬೇಕು, ಕ್ಯಾಮೆರಾ ಮುಕ್ಕಾಲಿಯ ಮೇಲೆ ಕದಲದೆ ಇರಬೇಕು. ಲೆಕ್ಕ ನಮಗಾಗಿ, ಬಂದದ್ದು ಸರಿಯೋ ಎಂದು ನೋಡುವುದಕ್ಕೆ.

ಈ ವಿವರಗಳನ್ನೆಲ್ಲ ಸೇರಿಸಿ ನಾನು ಟೈಪ್ ಮಾಡಿದ ಸೂಚನೆ ಇದು. ಇಂಥ ಉಪಕರಣಗಳು ಸದ್ಯ ಇಂಗ್ಲಿಷ್ ಸೂಚನೆಯನ್ನು ಹೆಚ್ಚು ಹತ್ತಿರದಿಂದ ಪಾಲಿಸುವುದರಿಂದ ಅದನ್ನು ಇದ್ದ ಹಾಗೆಯೇ ಕೊಡುತ್ತೇನೆ.

```
Wildlife documentary, one continuous 8-second shot, real-time speed.
600mm telephoto, f/4, locked tripod, camera just above water level.
A grey heron stands in a shallow lake, side view, facing left,
water halfway up its lower legs, neck folded in an S, bill angled down.
For six seconds the bird is still; only small ripples pass its legs.
Then the neck straightens fast, the bill enters the water
and lifts one finger-length fish held crosswise.
Reeds behind are close-looking and soft. Flat overcast morning light.
```

ಮೊದಲ ಸಾಲಿನಲ್ಲಿ ಅವಧಿ ಮತ್ತು ವೇಗವಿದೆ. ಈ ಉಪಕರಣಗಳಲ್ಲಿ ಒಂದು ಸಲಕ್ಕೆ ಬರುವ ದೃಶ್ಯ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳದ್ದು. ನಿಜವಾದ ಬಕ ನಿಮಿಷಗಟ್ಟಲೆ ನಿಲ್ಲುತ್ತದೆ. ಆ ನಿಮಿಷಗಳನ್ನು ಎಂಟು ಸೆಕೆಂಡಿನಲ್ಲಿ ತೋರಿಸಲಾಗದು, ಆದರೆ ಎಂಟರಲ್ಲಿ ಆರನ್ನು ನಿಲುವಿಗೆ ಕೊಟ್ಟರೆ ನೋಡುವವರಿಗೂ ಕಾಯುವುದೆಂದರೇನೆಂದು ಗೊತ್ತಾಗುತ್ತದೆ. ‘ನೈಜ ವೇಗ’ ಎಂಬುದನ್ನು ಬಿಟ್ಟರೆ ನಿಧಾನಗತಿಯ ಚಲನೆ ತಾನಾಗಿ ನುಸುಳಬಹುದು. ಸೆಕೆಂಡಿಗೆ 100 ಚೌಕಟ್ಟು ತೆಗೆದು 25ರಂತೆ ತೋರಿಸಿದ ನಿಜವಾದ ನಿಧಾನಗತಿಯಲ್ಲಿ ಕತ್ತು, ನೀರ ಹನಿ, ಅಲೆ ಎಲ್ಲವೂ ನಾಲ್ಕು ಪಟ್ಟು ನಿಧಾನವಾಗುತ್ತವೆ. ತಯಾರಿಸಿದ ದೃಶ್ಯದಲ್ಲಿ ಕತ್ತು ನಿಧಾನವಾಗಿ, ಹನಿಗಳು ಮಾಮೂಲು ವೇಗದಲ್ಲಿ ಬೀಳಬಹುದು. ಭೌತಶಾಸ್ತ್ರದ ತರಗತಿಯಲ್ಲಿ ಅದು ಬೇಡ.

‘ನಿಂತಿದೆ’ ಎಂಬ ಸಾಲಿನಲ್ಲಿ ‘ಅಲುಗಬಾರದು, ನಡೆಯಬಾರದು’ ಎಂದು ಬರೆಯದೆ ಏನು ಕಾಣಬೇಕು ಎಂಬುದನ್ನೇ ಬರೆದಿದ್ದೇನೆ. ನಿಷೇಧದ ವಾಕ್ಯದಲ್ಲಿ ‘ನಡೆ’ ಎಂಬ ಪದವೂ ಇರುತ್ತದೆ, ಎಷ್ಟೋ ಸಲ ಆ ಪದವೇ ಕೆಲಸ ಮಾಡಿಬಿಡುತ್ತದೆ. ಕೆಲವು ಉಪಕರಣಗಳಲ್ಲಿ ಬೇಡದ್ದನ್ನು ಬರೆಯಲು ಬೇರೆಯೇ ಖಾನೆ ಇರುತ್ತದೆ, ಅಲ್ಲಿ ಬರೆಯಬಹುದು. ಮೋಡದ ಬೆಳಕನ್ನು ಆರಿಸಿದ್ದಕ್ಕೂ ಕಾರಣವಿದೆ. ಎಳೆ ಬಿಸಿಲು ಹೆಚ್ಚು ಚೆಂದ, ಆದರೆ ಆಗ ನೆರಳು, ಹೊಳಪು, ಪ್ರತಿಬಿಂಬ ಎಲ್ಲವೂ ಒಂದೇ ದಿಕ್ಕಿಗೆ ಹೊಂದಬೇಕು. ತಪ್ಪುವ ಜಾಗಗಳನ್ನು ಬೇಕೆಂದೇ ಹೆಚ್ಚಿಸಿಕೊಳ್ಳುವುದೇಕೆ?

ಕ್ಯಾಮೆರಾ ನೀರಿನ ಮಟ್ಟದಲ್ಲಿ ಇರಬೇಕು ಎಂಬ ಮಾತು ಈ ಪಾಠಕ್ಕೆ ಎಲ್ಲಕ್ಕಿಂತ ಮುಖ್ಯ. ನೀರಿನಿಂದ ಅರ್ಧ ಮೀಟರ್ ಮೇಲಿರುವ ಕ್ಯಾಮೆರಾ 40 ಮೀಟರ್ ದೂರದ ನೀರನ್ನು ನೋಡುವ ಓರೆ ಒಂದು ಡಿಗ್ರಿಗಿಂತಲೂ ಕಡಿಮೆ. ಅಷ್ಟು ಓರೆಯಾಗಿ ನೋಡಿದಾಗ ನೀರಿನ ಮೇಲ್ಮೈ ಬಹುಮಟ್ಟಿಗೆ ಕನ್ನಡಿಯಾಗುತ್ತದೆ: ಆಕಾಶ, ಜೊಂಡು, ಹಕ್ಕಿಯ ಪ್ರತಿಬಿಂಬ ಕಾಣುತ್ತವೆ, ಒಳಗಿನದು ಕಾಣುವುದಿಲ್ಲ. ಬಕ ಮಾತ್ರ ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಅದಕ್ಕೆ ಮೀನು ಕಾಣುತ್ತದೆ. ಹಾಗಾಗಿ ಈ ಕೋನದ ದೃಶ್ಯದಲ್ಲಿ ಮೀನು ಕೊಕ್ಕಿನಲ್ಲಿ ಮೇಲೆ ಬಂದಾಗ ಮಾತ್ರ ಕಾಣಬೇಕು. ಹೊಡೆತಕ್ಕೆ ಮೊದಲೇ ನೀರೊಳಗೆ ಮೀನು ಈಜುವುದು ಗಾಜಿನ ತೊಟ್ಟಿಯಲ್ಲಿ ಕಂಡಂತೆ ಕಂಡರೆ ಆ ದೃಶ್ಯವನ್ನು ಬಿಡಿ, ಎಷ್ಟೇ ಚೆನ್ನಾಗಿರಲಿ.

ಪರೀಕ್ಷಿಸುವುದು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ, ಶಬ್ದ ಆರಿಸಿ. ಮೊದಲು ಕ್ಯಾಮೆರಾ. ಪರದೆಯ ಮೇಲೆ ಒಂದು ಜೊಂಡಿನ ತುದಿಗೆ ಸಣ್ಣ ಕಾಗದದ ಚೂರು ಅಂಟಿಸಿ ದೃಶ್ಯ ಓಡಿಸಿದರೆ, ಕದಲದ ಕ್ಯಾಮೆರಾ ನಿಜಕ್ಕೂ ಕದಲದೆ ಇದೆಯೋ, ಮೆಲ್ಲಗೆ ತೆವಳುತ್ತಿದೆಯೋ ಗೊತ್ತಾಗುತ್ತದೆ. ಆಮೇಲೆ ಕತ್ತು. ಹೊಡೆತಕ್ಕೆ ಮೊದಲಿನ ಚೌಕಟ್ಟನ್ನು ನಿಲ್ಲಿಸಿ, ಮಡಚಿದ ಕತ್ತಿನ ಉದ್ದಕ್ಕೂ ತಲೆಯಿಂದ ಭುಜದವರೆಗೆ ದಾರ ಇಟ್ಟು ಅಳೆಯಿರಿ. ಕತ್ತು ನೇರವಾದ, ಕೊಕ್ಕು ನೀರಿಗೆ ತಾಗುವ ಚೌಕಟ್ಟಿನಲ್ಲಿ ಮತ್ತೆ ಅಳೆಯಿರಿ. ಎರಡೂ ಅಳತೆ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಪಕ್ಕದ ನೋಟವನ್ನೇ ಕೇಳಿದ್ದು ಈ ಅಳತೆಗಾಗಿ, ಎದುರಿನಿಂದ ನೋಡಿದರೆ ಇದು ಸಾಧ್ಯವಿಲ್ಲ. ದಾರ ಎರಡನೆಯ ಸಲ ಕಣ್ಣಿಗೆ ಹೊಡೆಯುವಷ್ಟು ಸಾಲದೆ ಬಂದರೆ ಕತ್ತು ಬಿಚ್ಚಿಕೊಂಡಿಲ್ಲ, ರಬ್ಬರಿನಂತೆ ಬೆಳೆದಿದೆ ಎಂದರ್ಥ. ಈ ದೋಷ ಮಾಮೂಲು.

ಕಾಲುಗಳಲ್ಲಿ ನೋಡಬೇಕಾದದ್ದು ಬಾಗುವ ದಿಕ್ಕು. ಹಕ್ಕಿಯ ಕಾಲಿನ ನಡುವೆ ಹಿಂದಕ್ಕೆ ಬಾಗುವ, ನಾವು ಮಂಡಿ ಎಂದುಕೊಳ್ಳುವ ಕೀಲು ನಿಜವಾಗಿ ಹಿಮ್ಮಡಿಯ ಗಂಟು, ಮಂಡಿ ಮೇಲೆ ಗರಿಗಳಲ್ಲಿ ಅಡಗಿರುತ್ತದೆ. ಮುಂದಕ್ಕೆ ಬಾಗಿದ್ದರೆ ಅದು ಮನುಷ್ಯನ ಕಾಲು. ಕಾಲು ನೀರಿಗಿಳಿಯುವ ಜಾಗದಲ್ಲಿ ಅಲೆಗಳು ತಡೆದು ಸುತ್ತುವುದು, ಕೊಕ್ಕು ತಾಗಿದ ಜಾಗದಿಂದಲೇ ಉಂಗುರಗಳು ಹರಡುವುದು, ಹಕ್ಕಿ ಬಾಗಿದ ಕ್ಷಣದಲ್ಲೇ ಪ್ರತಿಬಿಂಬವೂ ಬಾಗುವುದು ಇವನ್ನು ನೋಡಬೇಕು. ಕೊನೆಗೆ ಮೀನು. ಅದು ಕೆಲವೊಮ್ಮೆ ಕೊಕ್ಕು ನೀರಿಗೆ ಮುಟ್ಟುವ ಮೊದಲೇ ಬಾಯಲ್ಲಿರುತ್ತದೆ, ಕೆಲವೊಮ್ಮೆ ಮೇಲೆ ಬರುತ್ತಾ ದೊಡ್ಡದಾಗುತ್ತದೆ. ಶಬ್ದ ಸೇರಿಸಿ ಕೊಡುವ ಉಪಕರಣಗಳೂ ಇವೆ. ನಿಜದಲ್ಲಿ 40 ಮೀಟರ್ ದೂರದ ನೀರಿನ ಸದ್ದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ತಡವಾಗಿ ತಲುಪಬೇಕು, ಸಾಕ್ಷ್ಯಚಿತ್ರಗಳಲ್ಲಂತೂ ಎಷ್ಟೋ ಸಲ ಅದನ್ನು ಬೇರೆಯಾಗಿಯೇ ದಾಖಲಿಸಿ ಜೋಡಿಸಿರುತ್ತಾರೆ. ನಾನು ಶಬ್ದವನ್ನು ಪೂರ್ತಿ ತೆಗೆದುಹಾಕಿದೆ.

ದೋಷ ಕಂಡಾಗ ಸೂಚನೆಯಲ್ಲಿ ಒಂದು ಸಲಕ್ಕೆ ಒಂದೇ ಮಾತನ್ನು ಬದಲಿಸಬೇಕು. ಪ್ರಯೋಗದಲ್ಲಿ ಒಂದೇ ಚರವನ್ನು ಬದಲಿಸಿದ ಹಾಗೆ. ಇಲ್ಲವಾದರೆ ಯಾವ ಪದ ಯಾವ ಪರಿಣಾಮ ತಂದಿತೆಂದು ತಿಳಿಯುವುದಿಲ್ಲ. ಅದೇ ಸೂಚನೆಗೂ ಪ್ರತಿ ಸಲ ಬೇರೆ ದೃಶ್ಯ ಬರುವುದರಿಂದ, ಒಂದು ಬದಲಾವಣೆಗೆ ಎರಡು ಮೂರು ಸಲ ನೋಡಿ ತೀರ್ಮಾನಿಸಬೇಕು.

ನನ್ನ ಪಾಠಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕರು ಕೇಳಿದ ಪ್ರಶ್ನೆ ನೇರವಾಗಿತ್ತು: “ಬಕ ವಕ್ರೀಭವನವನ್ನು ಸರಿದೂಗಿಸಿಕೊಳ್ಳುತ್ತದೆ ಅಂತ ಈ ವಿಡಿಯೊದಿಂದ ಹೇಗಮ್ಮ ತೋರಿಸ್ತೀಯ?” ತೋರಿಸಲಾಗುವುದಿಲ್ಲ ಎಂಬುದೇ ಉತ್ತರ. ನೀರಿನ ವಕ್ರೀಭವನ ಸೂಚ್ಯಂಕ 1.33. ನೇರ ಮೇಲಿನಿಂದ ನೋಡಿದರೆ 8 ಸೆಂಟಿಮೀಟರ್ ಆಳದ ಮೀನು 6 ಸೆಂಟಿಮೀಟರ್ ಆಳದಲ್ಲಿ ಕಾಣುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಮೇಲೆ. ಬೆರಳುದ್ದದ ಮೀನಿನ ದಪ್ಪವೇ ಎರಡು ಸೆಂಟಿಮೀಟರ್ ಆಸುಪಾಸು, ಕಂಡಲ್ಲಿಗೇ ಹೊಡೆದರೆ ಕೊಕ್ಕು ಮೀನಿನ ಮೇಲೆ ಹಾದುಹೋಗುತ್ತದೆ. ನಿಜವಾದ ಬಕ ಇದನ್ನು ಸರಿದೂಗಿಸಿಕೊಳ್ಳುತ್ತದೆ ಎಂಬುದು ನಮಗೆ ತಿಳಿದಿರುವುದು ಅಳತೆಯಿಂದ. ಕಟ್ಸೀರ್ ಮತ್ತು ಇಂಟ್ರೇಟರ್ ಎಂಬ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಕಡಲ ದಂಡೆಯ ಒಂದು ಬಕದ ಹೊಡೆತಗಳನ್ನು ಚಿತ್ರೀಕರಿಸಿ, ಮೀನಿನ ನಿಜ ಆಳಕ್ಕೂ ಕಾಣುವ ಆಳಕ್ಕೂ ಹೊಡೆತದ ಸ್ಥಾನಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿತ್ತು. ತಯಾರಿಸಿದ ದೃಶ್ಯದಲ್ಲಿ ಅಳೆಯಲು ಏನೂ ಇಲ್ಲ. ಅಲ್ಲಿ ನೀರಿಲ್ಲ, ಆಳವಿಲ್ಲ, ಬಕಕ್ಕೆ ಕಾಣುವ ಮೀನೂ ಇಲ್ಲ. ಹೊಡೆತದಂತೆ ಕಾಣುವ ಚಲನೆ ಇದೆ. ಕೊಕ್ಕು ಸರಿಯಾದ ಕಡೆಗೇ ಬಿದ್ದರೂ ಅದು ಪುರಾವೆಯಲ್ಲ.

ಅದಕ್ಕೇ ಕೊನೆಯಲ್ಲಿ ನಾನು ಪ್ರಾಂಪ್ಟಿನಿಂದ ಹೊಡೆತದ ಎರಡು ಸಾಲುಗಳನ್ನು, ಅಂದರೆ ‘Then’ ಇಂದ ‘crosswise’ ತನಕ, ತೆಗೆದು ಆರರ ಬದಲು ಎಂಟು ಸೆಕೆಂಡೂ ನಿಲ್ಲುವ ಹಾಗೆ ಮಾಡಿದೆ. ದೋಷಗಳ ಬಹುಪಾಲು ಆ ಎರಡು ಸಾಲಿನಲ್ಲೇ ಇದ್ದವು. ಪಾಠಕ್ಕೆ ಬೇಕಾಗಿದ್ದದ್ದು ಹೊಡೆತಕ್ಕೆ ಮುಂಚಿನ ಕ್ಷಣ: ಕತ್ತು ಮಡಚಿ, ಕೊಕ್ಕು ಕೆಳಗೆ ಮಾಡಿ, ಹಕ್ಕಿ ನಿಂತಿದೆ. ದೃಶ್ಯದ ಮೂಲೆಯಲ್ಲಿ ‘ಕಂಪ್ಯೂಟರ್ ತಯಾರಿಸಿದ ದೃಶ್ಯ, ನಿಜವಾದ ಹಕ್ಕಿಯಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದೆ, ತೋರಿಸುವ ಮೊದಲು ಬಾಯಲ್ಲೂ ಹೇಳಿದೆ.

ತರಗತಿಯಲ್ಲಿ ದೃಶ್ಯ ನಿಂತ ಮೇಲೆ ಕಪ್ಪುಹಲಗೆಯ ಮೇಲೆ ನೀರಿನ ಗೆರೆ, ಬಕದ ಕಣ್ಣು, 8 ಸೆಂಟಿಮೀಟರ್ ಆಳದಲ್ಲಿ ಮೀನು ಬರೆದು, ಕಿರಣ ಎಳೆದು ಮೀನು ಎಲ್ಲಿ ಕಾಣುತ್ತದೆಂದು ಗುರುತಿಸಲು ಹೇಳಿದೆ. ಆಮೇಲೆ, ಕೊಕ್ಕು ಎಲ್ಲಿಗೆ ಹೋಗಬೇಕು? ಮೂರು ಗುಂಪುಗಳು ಕಾಣುವ ಮೀನಿಗೇ ಬಾಣ ಹಾಕಿದವು, ಎರಡು ಗುಂಪುಗಳು ಅದರ ಕೆಳಗೆ ಹಾಕಿದವು. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ, “ಮಿಸ್, ನಮಗ್ಯಾಕೆ ವಿಡಿಯೊದಲ್ಲಿ ಮೀನು ಕಾಣಲಿಲ್ಲ?” ಕನ್ನಡಿಯಂತಾಗುವ ನೀರಿನ ವಿವರಣೆಗೆ ಅದಕ್ಕಿಂತ ಒಳ್ಳೆಯ ಪ್ರವೇಶ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ನೀರು ತುಂಬಿದ ಒಂದು ತಟ್ಟೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು, ತಳದಲ್ಲಿ ನಾಣ್ಯ ಹಾಕಿ, ಮೊದಲು ನಿಂತು ಮೇಲಿನಿಂದ, ಆಮೇಲೆ ಕುಳಿತು ನೀರಿನ ಮಟ್ಟದಿಂದ ನೋಡುವಂತೆ ಪ್ರತಿ ಗುಂಪಿಗೂ ಹೇಳಿದೆ. ಕೆಳಗಿನಿಂದ ನೋಡಿದವರಿಗೆ ಕಂಡದ್ದು ಕಿಟಕಿಯ ಸರಳುಗಳು.